‘ಇಲ್ಲ’ ಎಂದದ್ದರ ಲೆಕ್ಕ: ಗಿರಾಕಿಯ ಈಡೇರದ ಅಗತ್ಯದಿಂದ ವ್ಯಾಪಾರದ ಉಪಾಯ ಕಂಡುಕೊಳ್ಳುವ ಕ್ರಮ

ಹೊಸದಾಗಿ ಅಂಗಡಿ ತೆರೆದವರೂ ಸ್ವಸಹಾಯ ಸಂಘದಿಂದ ಸಾಲ ಪಡೆದು ಏನಾದರೂ ಆರಂಭಿಸಬೇಕೆಂದಿರುವವರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಯಾವ ಸರಕು ಇಟ್ಟರೆ ಓಡುತ್ತದೆ?” ಬೇರೊಬ್ಬರ ಅಂಗಡಿಯಲ್ಲಿ ಓಡಿದ ಸರಕಿನ ಹೆಸರನ್ನು ನಾನು ಹೇಳಿದರೆ ಅದರಿಂದ ನಿಮಗೆ ಉಪಯೋಗವಾಗುವುದು ಕಡಿಮೆ. ಉತ್ತರ ನಿಮ್ಮ ಗಲ್ಲಾದ ಮುಂದೆಯೇ ದಿನವೂ ಬಂದು ನಿಂತು ಹೋಗುತ್ತಿರುತ್ತದೆ. ಅದನ್ನು ಹಿಡಿದಿಡುವ ಕ್ರಮವೊಂದಿದೆ. ಆ ಕ್ರಮವನ್ನು ನಾನು ಕಲಿತದ್ದು ನನ್ನ ಅಮ್ಮನಿಂದ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಸರ್ಕಾರಿ ಆಸ್ಪತ್ರೆಯ ಎದುರು ಅವರದೊಂದು ಸಣ್ಣ ದಿನಸಿ ಅಂಗಡಿಯಿದೆ. ಓದು ಮುಗಿಸಿ ಬಂದು ನಾನು ಮೊದಲ ಸಲ ಗಲ್ಲಾದಲ್ಲಿ ಕೂತ ದಿನ ನನ್ನದೂ ಇದೇ ಪ್ರಶ್ನೆಯಾಗಿತ್ತು. ರಾತ್ರಿ ಶಟರ್ ಅರ್ಧ ಇಳಿಸಿ ಅಮ್ಮ ಹೇಳಿದ್ದಿಷ್ಟು:

“ನೋಡು ಮಗಳೇ, ಗಲ್ಲಾದಲ್ಲಿರೋ ದುಡ್ಡು ನಮ್ಮ ಹತ್ತಿರ ಇರೋ ಸಾಮಾನಿನ ಲೆಕ್ಕ ಹೇಳುತ್ತೆ. ಇಲ್ಲದೇ ಇರೋದರ ಲೆಕ್ಕ ಅದರಲ್ಲಿ ಬರೋದಿಲ್ಲ. ಸಂಜೆಯಿಂದ ಎಷ್ಟು ಜನಕ್ಕೆ ‘ಇಲ್ಲ’ ಅಂದೆ, ಎಣಿಸಿದೆಯಾ? ನಾನು ಎಣಿಸಿದೆ, ಏಳು ಜನ. ಅದರಲ್ಲಿ ಒಬ್ಬ ಹುಡುಗ ಮೂರು ಸಲ ಬಂದ. ಮೊದಲು ಸೋಪು ತಗೊಂಡ. ಆಮೇಲೆ ಬಂದು ಮಗ್ಗು ಕೇಳಿದ, ಇಲ್ಲ ಅಂದೆ. ಮತ್ತೆ ಬಂದು ಲೋಟ ಕೇಳಿದ, ಅದಕ್ಕೂ ಇಲ್ಲ ಅಂದೆ. ಅವನ ಕಿವಿಯಲ್ಲಿ ಫೋನಿತ್ತು, ಆ ಕಡೆಯಿಂದ ಅವರಮ್ಮ ಒಂದೊಂದೇ ನೆನಪು ಮಾಡಿಕೊಂಡು ಹೇಳ್ತಿದ್ದರು. ಹೆಂಡತಿಯನ್ನ ಹೆರಿಗೆಗೆ ಸೇರಿಸಿ ಬಂದವನು ಅವನು. ಅಲ್ಲಿ ಏನೇನು ಬೇಕಾಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ, ಅದೇ ಅವನ ಕಷ್ಟ. ನಿನಗೆ ಕೇಳಿಸಿದ್ದು ಬರೀ ಮಗ್ಗು, ಲೋಟ. ನಾಳೆಯಿಂದ ಒಂದು ಪುಸ್ತಕ ಇಟ್ಟುಕೋ. ‘ಇಲ್ಲ’ ಅಂದಿದ್ದನ್ನೆಲ್ಲ ಬರಿ. ತಿಂಗಳಾದ ಮೇಲೆ ಇಬ್ಬರೂ ಕೂತು ಓದೋಣ. ಅಲ್ಲಿಯವರೆಗೆ ಹೊಸ ಸಾಮಾನು ಅಂತ ಒಂದು ರೂಪಾಯಿಯನ್ನೂ ಹಾಕೋದು ಬೇಡ.”

ಅಮ್ಮನ ಆ ಮಾತನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಉದಾಹರಣೆ ನಮ್ಮ ಅಂಗಡಿಯದೇ ಆಗಿರುತ್ತದೆ. ನಿಮ್ಮದು ಬಸ್ ನಿಲ್ದಾಣದ ಪಕ್ಕದ ಅಂಗಡಿಯೋ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯೋ ಆಗಿದ್ದರೆ ಸರಕು ಬೇರೆಯಾಗುತ್ತದೆ, ಕ್ರಮ ಇದೇ ಇರುತ್ತದೆ. ಬೇಕಾಗುವುದು ಒಂದು ನೂರು ಪುಟದ ನೋಟ್‌ಪುಸ್ತಕ, ಗಲ್ಲಾಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ನು (ಕಟ್ಟದಿದ್ದರೆ ಅದು ಎರಡನೆಯ ದಿನವೇ ಗಿರಾಕಿಯ ಜೇಬಿನಲ್ಲಿ ಹೋಗುತ್ತದೆ), ಒಂದು ತಿಂಗಳ ತಾಳ್ಮೆ ಮತ್ತು ಕೊನೆಗೆ ಪ್ರಯೋಗಕ್ಕೆಂದು ಹೋದರೂ ಸಹಿಸಬಹುದಾದ ಒಂದೂವರೆ ಎರಡು ಸಾವಿರ ರೂಪಾಯಿ.

ಹಂತ 1: ‘ಇಲ್ಲ’ ಪುಸ್ತಕವನ್ನು ಬರೆಯುವುದು

ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ದಿನಾಂಕ ಮತ್ತು ಹೊತ್ತು, ಎರಡನೆಯದರಲ್ಲಿ ಗಿರಾಕಿ ಆಡಿದ ಮಾತು, ಮೂರನೆಯದರಲ್ಲಿ ಯಾರಿಗಾಗಿ ಅಥವಾ ಯಾತಕ್ಕಾಗಿ ಎಂಬುದು ತಿಳಿದಿದ್ದರೆ ಅದು, ನಾಲ್ಕನೆಯದರಲ್ಲಿ ‘ಇಲ್ಲ’ ಎಂದ ಮೇಲೆ ಅವರು ಏನು ಮಾಡಿದರು ಎಂಬುದು ಬರಬೇಕು. ಗಿರಾಕಿಯ ಎದುರಿಗೇ ಬರೆಯಬೇಡಿ, ಸಾಲದ ಪುಸ್ತಕವೆಂದು ತಿಳಿದು ಮುಜುಗರಪಡುವವರಿದ್ದಾರೆ. ಅವರು ಮೆಟ್ಟಿಲಿಳಿದ ಕೂಡಲೇ ಬರೆಯಿರಿ. ರಾತ್ರಿ ಕೂತು ನೆನಪಿನಿಂದ ಬರೆಯುತ್ತೇನೆ ಎಂದುಕೊಂಡರೆ ಅರ್ಧಕ್ಕರ್ಧ ಮರೆತಿರುತ್ತದೆ, ಉಳಿದರ್ಧ ನಿಮಗೆ ಇಷ್ಟವಾದಂತೆ ನೆನಪಾಗುತ್ತದೆ.

ಎರಡನೆಯ ಕಾಲಂ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ತಪ್ಪುವುದೂ ಅಲ್ಲಿಯೇ. ಗಿರಾಕಿ “ಬಿಸಿನೀರು ಹಿಡಿಯೋಕೆ ಏನಾದ್ರೂ ಇದೆಯಾ?” ಎಂದು ಕೇಳಿದರೆ, ನಾವು ‘ಫ್ಲಾಸ್ಕ್’ ಎಂದು ಬರೆದುಬಿಡುತ್ತೇವೆ. ಆತ ಫ್ಲಾಸ್ಕ್ ಕೇಳಿರಲಿಲ್ಲ. ಆತನಿಗೆ ಮುಚ್ಚಳವಿರುವ ಒಂದು ಸ್ಟೀಲ್ ಪಾತ್ರೆಯಾದರೂ ಸಾಕಾಗುತ್ತಿತ್ತೋ ಏನೋ, ಅದು ನಮಗೆ ಇನ್ನೂ ಗೊತ್ತಿಲ್ಲ. ವಸ್ತುವಿನ ಹೆಸರು ಬರೆದ ಕೂಡಲೇ ನಾವು ಅವರ ಬದಲಿಗೆ ತೀರ್ಮಾನ ಮಾಡಿಬಿಟ್ಟಂತಾಗುತ್ತದೆ, ಮುಂದೆ ಪುಸ್ತಕ ಓದುವಾಗ ಆ ತೀರ್ಮಾನವೇ ಸಾಕ್ಷಿಯಂತೆ ಕಾಣುತ್ತದೆ. ಆದ್ದರಿಂದ ಆಡುಮಾತಿನಲ್ಲಿ, ಅವರು ಹೇಳಿದ ಹಾಗೆಯೇ ಬರೆಯಿರಿ. ನಮ್ಮ ಪುಸ್ತಕದ ಮೊದಲ ವಾರದ ಕೆಲವು ಸಾಲುಗಳು ಹೀಗಿದ್ದವು:

ರಾತ್ರಿ 8.40. “ಬಕೆಟ್ ಬೇಡ, ಮಗ್ಗು ಒಂದೇ ಸಾಕು.” ಆಸ್ಪತ್ರೆಗೆ. ಹೊರಟುಹೋದರು.

ರಾತ್ರಿ 9.10. “ಗಂಜಿ ಕುಡಿಸೋಕೆ ಚಮಚ ಕೊಡಿ.” ಅತ್ತೆಗೆ. ಐಸ್‌ಕ್ರೀಮಿನ ಮರದ ಚಮಚ ಕೇಳಿ ತಗೊಂಡರು.

ಬೆಳಿಗ್ಗೆ 6.15. “ಹಳೇ ಪಂಚೆ ಏನಾದ್ರೂ ಇದ್ರೆ ಕೊಡ್ತೀರಾ, ದುಡ್ಡು ಕೊಡ್ತೀನಿ.” ಹುಟ್ಟಿದ ಮಗುವಿಗೆ. ಅಮ್ಮ ಮನೆಯಿಂದ ತಂದುಕೊಟ್ಟರು.

ಮಧ್ಯಾಹ್ನ 1.00. “ಎರಡು ಮೊಟ್ಟೆ ಬೇಯಿಸಿ ಕೊಡ್ತೀರಾ?” ಯಾರಿಗೆಂದು ಗೊತ್ತಿಲ್ಲ. ನಕ್ಕು ಹೋದರು.

ಕೊನೆಯ ಸಾಲನ್ನು ನಾನು ತಮಾಷೆಯೆಂದು ಬಿಟ್ಟಿದ್ದೆ. ಅಮ್ಮ ಹಟ ಹಿಡಿದು ಬರೆಸಿದರು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಬರೆಯುವ ಹೊತ್ತಿನಲ್ಲಿ ಆರಿಸಬಾರದು.

ಹಂತ 2: ತಿಂಗಳ ನಂತರ ಓದಿ, ಮೂರು ಭಾಗ ಮಾಡುವುದು

ಸಾಲುಗಳನ್ನು ಮೂರು ಬಣ್ಣದ ಗುರುತು ಹಾಕಿ ಬೇರ್ಪಡಿಸಿ. ಮೊದಲನೆಯ ಬಗೆ, ನಾವು ಮಾರುವ ಸರಕೇ, ಆದರೆ ಆ ಹೊತ್ತಿಗೆ ಮುಗಿದಿತ್ತು. ಇದು ಹೊಸ ಉಪಾಯವಲ್ಲ, ಸರಕು ತರಿಸುವುದರಲ್ಲಿನ ಸಡಿಲ. ಎಷ್ಟು ಉಳಿದಾಗ ಮತ್ತೆ ತರಿಸಬೇಕೆಂದು ನಿಗದಿ ಮಾಡಿಕೊಂಡರೆ ಮುಗಿಯಿತು. ಎರಡನೆಯ ಬಗೆ, ನಾವು ಇಡದ ಸರಕು, ಆದರೆ ನಾಲ್ಕು ಹೆಜ್ಜೆ ನಡೆದರೆ ಪಕ್ಕದಲ್ಲೇ ಸಿಗುತ್ತದೆ. ಇದರ ಹಿಂದೆ ಹೋದರೆ ಪಕ್ಕದವರೊಡನೆ ಬೆಲೆಯ ಜಗ್ಗಾಟವಷ್ಟೇ ಮಿಗುತ್ತದೆ. ಮೂರನೆಯ ಬಗೆಯನ್ನೇ ಈಡೇರದ ಅಗತ್ಯ ಎನ್ನುವುದು: ಗಿರಾಕಿ ಒಂದು ಕೆಲಸ ಮಾಡಿಕೊಳ್ಳಲು ಹೊರಟಿದ್ದಾನೆ, ಆ ಹೊತ್ತಿನಲ್ಲಿ ಆ ಜಾಗದಲ್ಲಿ ಅದು ಯಾರಿಂದಲೂ ಆಗುತ್ತಿಲ್ಲ, ಆದ್ದರಿಂದ ಅರೆಬರೆ ದಾರಿ ಹಿಡಿಯುತ್ತಾನೆ. ಐಸ್‌ಕ್ರೀಮಿನ ಚಮಚದಲ್ಲಿ ಗಂಜಿ ಕುಡಿಸುವುದು, ನೀರಿನ ಬಾಟಲಿಯ ತಲೆ ಕತ್ತರಿಸಿ ಮಗ್ಗು ಮಾಡಿಕೊಳ್ಳುವುದು ಇಂಥ ಅರೆಬರೆ ದಾರಿಗಳು. ನಾಲ್ಕನೆಯ ಕಾಲಂ ಇರುವುದು ಇವನ್ನು ಹಿಡಿಯಲಿಕ್ಕೇ.

ಇಲ್ಲೊಂದು ಎಚ್ಚರಿಕೆ ಬೇಕು. ಸಾಲುಗಳನ್ನು ಎಣಿಸಬೇಡಿ, ಮಂದಿಯನ್ನು ಎಣಿಸಿ. ನಮ್ಮ ಪುಸ್ತಕದಲ್ಲಿ ಓಟ್ಸ್ ಎಂಬ ಮಾತು ಒಂಬತ್ತು ಸಲ ಬಂದಿತ್ತು, ನಾನು ಹಿಗ್ಗಿದ್ದೆ. ಒಂಬತ್ತೂ ಸಲ ಕೇಳಿದವರು ಹಿಂದಿನ ಬೀದಿಯ ಒಬ್ಬರೇ ನಿವೃತ್ತ ಮೇಷ್ಟ್ರು. ಅವರಿಗೆ ತಿಂಗಳಿಗೊಂದು ಪೊಟ್ಟಣ ತರಿಸಿ ಕೊಡುವುದು ಸೌಜನ್ಯವೇ ಹೊರತು ವ್ಯಾಪಾರವಾಗಲಾರದು. ಇದಕ್ಕೆ ವಿರುದ್ಧವಾಗಿ ಮಗ್ಗು, ಲೋಟ, ಚಮಚ, ಸಣ್ಣ ಸೋಪು, ಬ್ರಷ್, ಹಳೆಯ ಬಟ್ಟೆ ಇವು ಬಿಡಿಬಿಡಿಯಾಗಿ ಎರಡು ಮೂರು ಸಲವಷ್ಟೇ ಬಂದಿದ್ದವು, ಆದರೆ ಹೊತ್ತಿನ ಕಾಲಂ ಮತ್ತು ಮೂರನೆಯ ಕಾಲಂ ಸೇರಿಸಿ ಓದಿದಾಗ ಹದಿನಾಲ್ಕು ಮಂದಿ ಬೇರೆ ಬೇರೆಯವರು ಒಂದೇ ದಾರಿಯಲ್ಲಿ ನಡೆದು ಬಂದದ್ದು ಕಂಡಿತು. ಎಲ್ಲರೂ ಆಸ್ಪತ್ರೆಯಿಂದ ಬಂದವರು, ಹೆಚ್ಚಿನವರು ರಾತ್ರಿ ಎಂಟರ ಮೇಲೆ ಬಂದವರು, ಅಂದರೆ ಪೇಟೆಯ ಪಾತ್ರೆ ಅಂಗಡಿ, ಬಟ್ಟೆ ಅಂಗಡಿಗಳು ಬಾಗಿಲು ಹಾಕಿದ ಮೇಲೆ. ವಸ್ತುವಿನ ಹೆಸರಿನ ಮೇಲಷ್ಟೇ ಎಣಿಸಿದ್ದರೆ ಇದು ಎಂದಿಗೂ ಕಾಣುತ್ತಿರಲಿಲ್ಲ.

ಹಂತ 3: ಒಂದೇ ಪ್ರಶ್ನೆ ಕೇಳುವುದು

ಈಗ ಅಂಥ ಗಿರಾಕಿ ಬಂದಾಗ ಮಾತನಾಡಿಸಬೇಕು. “ಇದನ್ನು ತಂದಿಟ್ಟರೆ ತಗೊಳ್ತೀರಾ?” ಎಂದು ಮಾತ್ರ ಕೇಳಬೇಡಿ. ನಮ್ಮ ಜನ ಮುಖ ಮುರಿಯುವವರಲ್ಲ. ಎದುರಿಗೆ ಕೇಳಿದರೆ “ಓ, ಇಡಿ, ಖಂಡಿತಾ ತಗೊಳ್ತೀವಿ” ಎಂದೇ ಹೇಳುತ್ತಾರೆ. ಆ ಮಾತನ್ನು ನಂಬಿ ಸರಕು ತಂದವರ ಅಟ್ಟದ ಮೇಲೆ ಅದು ಈಗಲೂ ಧೂಳು ತಿನ್ನುತ್ತಿರುತ್ತದೆ. ಆಗಿಹೋದದ್ದನ್ನು ಕೇಳಿ: “ನೆನ್ನೆ ರಾತ್ರಿ ಹೇಗೆ ಮಾಡಿಕೊಂಡಿರಿ?” ನಡೆದ ಸಂಗತಿಯನ್ನು ಹೇಳುವಾಗ ಯಾರೂ ನಿಮ್ಮನ್ನು ಸಂತೋಷಪಡಿಸಲು ಸುಳ್ಳು ಹೇಳುವುದಿಲ್ಲ.

ನಾವು ಆರು ಮಂದಿಯನ್ನು ಹೀಗೆ ಕೇಳಿದೆವು. ನೋವು ಕಾಣಿಸಿಕೊಂಡಾಗ ಗಾಬರಿಯಲ್ಲಿ ಹೊರಟವರು, ಕಾರ್ಡು ಮತ್ತು ಸ್ಕ್ಯಾನಿಂಗ್ ಕಾಗದ ಮರೆಯದೆ ತಂದಿದ್ದರು, ಮಗ್ಗು ತರುವುದು ಯಾರಿಗೂ ಹೊಳೆದಿರಲಿಲ್ಲ. ಹೊದಿಕೆಯನ್ನು ಮಾತ್ರ ಹೆಚ್ಚಿನವರು ತಂದಿದ್ದರು. ಇನ್ನೊಂದು ವಿಷಯವೂ ತಿಳಿಯಿತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೆ ಸಹಜ ಹೆರಿಗೆಯಾದರೆ 3 ದಿನಗಳವರೆಗೆ, ಸಿಸೇರಿಯನ್ ಆದರೆ 7 ದಿನಗಳವರೆಗೆ ಉಚಿತ ಊಟ ಸಿಗಬೇಕೆಂಬ ನಿಯಮವಿದೆ. ಆ ಊಟ ಬಾಣಂತಿಯದು. ಜೊತೆಗೆ ನಿಂತ ತಾಯಿ ಅಥವಾ ಅತ್ತೆ ಅಷ್ಟು ದಿನವೂ ಬನ್ನು, ಬಿಸ್ಕತ್ತುಗಳಲ್ಲಿ ಕಾಲ ಹಾಕುತ್ತಾರೆ. ಬೇಯಿಸಿದ ಮೊಟ್ಟೆ ಕೇಳಿದವರು ಯಾರಿಗಾಗಿ ಕೇಳಿದ್ದರೆಂದು ಆಗ ಅರ್ಥವಾಯಿತು.

ಹಂತ 4: ನಮ್ಮದಲ್ಲದ ಅಗತ್ಯವನ್ನು ಪಕ್ಕಕ್ಕಿಡುವುದು

ಅಗತ್ಯ ನಿಜವಾಗಿದ್ದರೂ ಅದನ್ನು ತುಂಬುವುದು ನಿಮ್ಮ ಕೆಲಸವಲ್ಲದೇ ಇರಬಹುದು. ನಮ್ಮ ಪುಸ್ತಕದಲ್ಲಿ ಬಹಳ ಸಲ ಬಂದ ಬೇಡಿಕೆಗಳಲ್ಲಿ ಒಂದು, “ಮಗುವಿಗೆ ಹಾಲಿನ ಪುಡಿ ಡಬ್ಬ ಮತ್ತು ಬಾಟಲಿ.” ಹೆರಿಗೆಯಾದ ಮೊದಲ ದಿನ ತಾಯಿಗೆ ಹಾಲು ಕಡಿಮೆಯೆನಿಸಿ, ಮನೆಯವರು ಹೆದರಿ ಓಡಿಬಂದಿರುತ್ತಾರೆ. ಲಾಭವೂ ಇರುವ ಸರಕು. ಅಮ್ಮ ಅದನ್ನು ಮುಂದಕ್ಕೆ ಇಡಲು ಒಪ್ಪಲೇ ಇಲ್ಲ, ಅದಕ್ಕೆ ಕಾನೂನಿನ ಕಾರಣವೂ ಇದೆ: 1992ರ ಶಿಶು ಹಾಲು ಬದಲಿ ಪದಾರ್ಥಗಳ ಕಾಯಿದೆಯ ಪ್ರಕಾರ ಎಳೆಮಗುವಿನ ಹಾಲಿನ ಪುಡಿಗೂ ಹಾಲೂಡಿಸುವ ಬಾಟಲಿಗೂ ಜಾಹೀರಾತು ಮಾಡುವುದಾಗಲಿ, ಉಡುಗೊರೆ ಆಮಿಷ ತೋರಿ ಮಾರಾಟ ಹೆಚ್ಚಿಸುವುದಾಗಲಿ ಕೂಡದು. ಮೊದಲ ದಿನಗಳಲ್ಲಿ ಬರುವ ಗಟ್ಟಿ ಹಳದಿ ಗಿಣ್ಣುಹಾಲು ಅಳತೆಯಲ್ಲಿ ಕಡಿಮೆಯೇ ಇರುತ್ತದೆ, ಮಗುವಿಗೆ ಬೇಕಾಗಿರುವುದೂ ಅದೇ. ಹಾಗೆ ಬಂದವರನ್ನು ಅಮ್ಮ “ಮೊದಲು ವಾರ್ಡಿನ ಸಿಸ್ಟರನ್ನ ಕೇಳಿ ಬನ್ನಿ” ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಹೆಚ್ಚಿನವರು ಮತ್ತೆ ಅದಕ್ಕಾಗಿ ಬರುವುದಿಲ್ಲ.

ಜ್ವರದ ಗುಳಿಗೆ, ನೋವಿನ ಗುಳಿಗೆಗಳ ಮಾತೂ ಇಷ್ಟೇ; ಅದಕ್ಕೆ ಪರವಾನಗಿ ಪಡೆದ ಔಷಧದ ಅಂಗಡಿಯಿದೆ. ಉದ್ರಿ ಕೇಳುವುದು ಕೂಡ ಒಂದು ಈಡೇರದ ಅಗತ್ಯವೇ, ಆದರೆ ನಾಡಿದ್ದು ಊರಿಗೆ ಹೊರಡುವವರಿಗೆ ಉದ್ರಿ ಕೊಟ್ಟು ಬದುಕಿದ ಅಂಗಡಿಯನ್ನು ನಾನು ನೋಡಿಲ್ಲ.

ಹಂತ 5: ಸಣ್ಣದಾಗಿ ಪ್ರಯೋಗ ಮಾಡುವುದು

ನನಗೆ ಹೊಳೆದ ಉಪಾಯ ಎಲ್ಲರಿಗೂ ಹೊಳೆಯುವಂಥದೇ: ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ‘ಆಸ್ಪತ್ರೆ ಕಿಟ್’ ಎಂದು ಮಾರುವುದು. ಕರ್ನಾಟಕ ಸರ್ಕಾರವೇ 2007ರಲ್ಲಿ ‘ಮಡಿಲು’ ಎಂಬ ಹೆಸರಿನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ಕುಟುಂಬದ ತಾಯಂದಿರಿಗೆ ಬೇಕಾದ ವಸ್ತುಗಳ ಕಿಟ್ ಕೊಡುವ ಯೋಜನೆ ತಂದಿತ್ತು, ಅದೂ ನನ್ನ ತಲೆಯಲ್ಲಿತ್ತು. ನಾನು ಐವತ್ತು ಚೀಲ ಎಂದೆ. ಅಮ್ಮ ಆರು ಎಂದರು.

ತುಮಕೂರಿನ ಮಂಡಿಪೇಟೆಯಿಂದ ತಂದ ಸರಕಿನ ಲೆಕ್ಕ ಹೀಗಿತ್ತು. ಒಂದು ಚೀಲಕ್ಕೆ ಮಗ್ಗು 20 ರೂಪಾಯಿ, ಸ್ಟೀಲ್ ಲೋಟ 30, ಚಮಚ 8, ಸಣ್ಣ ಸೋಪು 9, ಸಣ್ಣ ಪೇಸ್ಟು 9, ಬ್ರಷ್ 14, ತೆಳು ಟವೆಲ್ 50, ಬೆಡ್‌ಶೀಟ್ 120, ಒಟ್ಟು 260. ಆರು ಚೀಲಕ್ಕೆ 1,560 ರೂಪಾಯಿ. ಮಾರುವ ಬೆಲೆ 320 ಎಂದು ಇಟ್ಟೆವು. ಎರಡು ವಾರ ನೋಡುವುದು, ಮೂರಾದರೂ ಹೋಗದಿದ್ದರೆ ನಿಲ್ಲಿಸುವುದು ಎಂದು ಮೊದಲೇ ಪುಸ್ತಕದಲ್ಲಿ ಬರೆದು ದಿನಾಂಕ ಹಾಕಿದೆವು. ನೀವೂ ಹೀಗೆಯೇ ಮಾಡಿ. ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡದಿದ್ದರೆ, ಇನ್ನೊಂದು ವಾರ, ಮತ್ತೊಂದು ವಾರ ಎಂದು ಎಳೆಯುತ್ತಾ ಹೋಗಿ ಸರಕು ಸತ್ತ ಸರಕಾಗುತ್ತದೆ, ಅಂದರೆ ಹಣವನ್ನೂ ಜಾಗವನ್ನೂ ಹಿಡಿದುಕೊಂಡು ಅಲುಗಾಡದೆ ಕೂರುತ್ತದೆ. ಸಗಟು ವ್ಯಾಪಾರಿಯ ಹತ್ತಿರ “ಬಿಚ್ಚದೆ ಉಳಿದದ್ದನ್ನು ವಾಪಸು ತಗೊಳ್ತೀರಾ?” ಎಂಬುದನ್ನು ದುಡ್ಡು ಎಣಿಸುವ ಮೊದಲು ಕೇಳಬೇಕು, ಎಣಿಸಿದ ಮೇಲೆ ಕೇಳಿದರೆ ಉತ್ತರ ಬೇರೆಯಾಗಿರುತ್ತದೆ.

ಇಲ್ಲಿ ಎರಡು ಕಾನೂನಿನ ತೊಡಕುಗಳಿವೆ. ಎಂ.ಆರ್.ಪಿ., ಅಂದರೆ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಿರುವ ಸರಕನ್ನು ನೀವು ಚೀಲದಲ್ಲಿ ಹಾಕಿದ ಮಾತ್ರಕ್ಕೆ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಇನ್ನು ಗಿರಾಕಿ ಬರುವ ಮೊದಲೇ ಕಟ್ಟಿ, ಮುಚ್ಚಿ, ಒಂದೇ ಬೆಲೆಗೆ ಮಾರುವ ಪೊಟ್ಟಣಕ್ಕೆ 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು ಅನ್ವಯಿಸುತ್ತವೆ. ಕಟ್ಟಿದವರ ಹೆಸರು ವಿಳಾಸ, ಒಳಗಿರುವುದರ ವಿವರ, ತಿಂಗಳು ವರ್ಷ, ಗರಿಷ್ಠ ಬೆಲೆ ಮುಂತಾದವನ್ನು ಅದರ ಮೇಲೆ ನಮೂದಿಸಬೇಕಾಗುತ್ತದೆ. ಆದ್ದರಿಂದ ಪ್ರಯೋಗದ ಹಂತದಲ್ಲಿ ಚೀಲದ ಬಾಯಿ ಕಟ್ಟಬೇಡಿ, ಪ್ರತಿ ವಸ್ತುವಿಗೂ ಬಿಲ್ಲಿನಲ್ಲಿ ಬೇರೆ ಬೆಲೆ ಹಾಕಿ. ನಾವು ಹಾಗೆ ಮಾಡಿದ್ದರಿಂದ ಕಾನೂನಿನ ತಲೆನೋವು ತಪ್ಪಿತಲ್ಲದೆ, ಮುಂದಿನ ಹಂತದ ಪಾಠವೂ ಸಿಕ್ಕಿತು.

ಹಂತ 6: ಪ್ರಯೋಗ ಸೋತ ಬಗೆಯನ್ನು ಓದುವುದು

ಎರಡು ವಾರದಲ್ಲಿ ಇಡೀ ಚೀಲ ಹೋದದ್ದು ಒಂದೇ. ಅಷ್ಟಕ್ಕೇ ನೋಡಿದರೆ ಉಪಾಯ ಸೋತಿತ್ತು. ಆದರೆ ಅದೇ ಎರಡು ವಾರದಲ್ಲಿ ‘ಇಲ್ಲ’ ಪುಸ್ತಕವನ್ನು ನಿಲ್ಲಿಸದೆ ಬರೆದಿದ್ದೆವು, ಅದರಲ್ಲಿ ನಾಲ್ಕು ಮಂದಿಯ ಮಾತು ಹೆಚ್ಚುಕಡಿಮೆ ಒಂದೇ ಇತ್ತು: “ಹೊದಿಕೆ ಮನೆಯಿಂದ ತಂದಿದೀವಿ, ಅದನ್ನ ತೆಗೆದು ಕೊಡಿ.” ಹೊದಿಕೆ ತಂದಿರುತ್ತಾರೆಂದು ಮೂರನೇ ಹಂತದಲ್ಲೇ ನಮಗೆ ತಿಳಿದಿತ್ತು. ತಿಳಿದಿದ್ದೂ ಬೆಡ್‌ಶೀಟ್ ಹಾಕಿದ್ದು ನಾನೇ, ಚೀಲ ತುಂಬಿದಂತೆ ಕಾಣಲಿ ಎಂಬ ಆಸೆಯಿಂದ. ಇದು ಬಹಳ ಸಾಮಾನ್ಯವಾದ ತಪ್ಪು: ಗಿರಾಕಿಯ ಅಗತ್ಯದಿಂದ ಆರಂಭಿಸಿದ ಲೆಕ್ಕಕ್ಕೆ ಮಾರುವವರ ಆಸೆ ನಡುವೆ ಸೇರಿಕೊಳ್ಳುತ್ತದೆ. ಉಳಿದ ಐದು ಬೆಡ್‌ಶೀಟುಗಳು ಮಂಡಿಪೇಟೆಗೆ ವಾಪಸಾದವು.

ಅಮ್ಮ ಆಗ ಇನ್ನೊಂದು ಸಂಗತಿ ತೋರಿಸಿದರು. ಚೀಲ ಬೇಡವೆಂದವರು ಕೂಡ ಅದರೊಳಗೆ ಕೈಹಾಕಿ ಒಂದೊಂದೇ ವಸ್ತು ನೋಡುತ್ತಾ, “ಹೌದಲ್ಲಾ, ಬ್ರಷ್ಷೂ ಬೇಕು” ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಚೀಲಕ್ಕಿಂತ ಹೆಚ್ಚಾಗಿ ಒಂದು ಪಟ್ಟಿ. ಮೊದಲ ರಾತ್ರಿ ಅಮ್ಮ ಹೇಳಿದ್ದೂ ಅದನ್ನೇ, ನನಗೆ ಅರ್ಥವಾಗಲು ಒಂದೂವರೆ ತಿಂಗಳು ಹಿಡಿಯಿತು.

ಚೀಲಗಳನ್ನು ಬಿಚ್ಚಿ ಎಲ್ಲವನ್ನೂ ಒಂದು ಅಗಲವಾದ ಬುಟ್ಟಿಯಲ್ಲಿ ಗಲ್ಲಾದ ಪಕ್ಕಕ್ಕಿಟ್ಟೆವು. ಮೇಲೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಆಸ್ಪತ್ರೆಯಲ್ಲಿ ಉಳಿಯುವವರಿಗೆ ಬೇಕಾಗುವುದು’ ಎಂದು ಬರೆದು, ಕೆಳಗೆ ಹನ್ನೊಂದು ವಸ್ತುಗಳ ಹೆಸರನ್ನೂ ಬೆಲೆಯನ್ನೂ ಹಾಕಿದೆವು. ನಾವು ಮಾರದ ವಸ್ತುಗಳೂ ಪಟ್ಟಿಯಲ್ಲಿದ್ದವು, ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಜೆರಾಕ್ಸ್. ಅವುಗಳ ಮುಂದೆ ಬೆಲೆಯ ಜಾಗದಲ್ಲಿ ‘ಮನೆಯಿಂದ ತರಿಸಿ’ ಎಂದಿತ್ತು. ಹಳೆಯ ಪಂಚೆಯ ಬೇಡಿಕೆಗೆ ತೆಳುವಾದ ಬಿಳಿ ಮಲ್ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು, ತುಂಡು ಮಾಡಿ, ಗಂಜಿ ಪೂರ್ತಿ ಬಿಡುವವರೆಗೆ ಎರಡು ಸಲ ಒಗೆದು, ಬಿಸಿಲಲ್ಲಿ ಒಣಗಿಸಿ ಇಟ್ಟೆವು. ಹೊಸ ಬಟ್ಟೆಯನ್ನು ಹಾಗೇ ಇಟ್ಟಿದ್ದರೆ ಯಾವ ಅಜ್ಜಿಯೂ ಮುಟ್ಟುತ್ತಿರಲಿಲ್ಲ. ಹಳೆಯದು ಬೇಕೆಂದು ಅವರು ಕೇಳುತ್ತಿದ್ದದ್ದು ಮೆತ್ತಗಿರಲೆಂದು. ಒಗೆದು ಇಟ್ಟಿರುವುದೆಂದು ಹೇಳಿಯೇ ಮಾರುತ್ತೇವೆ, ಮನೆಯಲ್ಲಿ ಮತ್ತೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ ಎಂದೂ ಹೇಳುತ್ತೇವೆ.

ಬುಟ್ಟಿಯ ಮೊದಲ ಎರಡು ವಾರದ ಲೆಕ್ಕ: ಹನ್ನೊಂದು ಮಂದಿ, ಒಬ್ಬೊಬ್ಬರು ಸರಾಸರಿ 90 ರೂಪಾಯಿಯ ಸಾಮಾನು, ಅದರಲ್ಲಿ ನಮಗೆ ಉಳಿದದ್ದು ತಲಾ 18 ರೂಪಾಯಿ. ಒಟ್ಟು 198. ಇದನ್ನು ನೋಡಿ ನೀವು ನಕ್ಕರೆ ತಪ್ಪಿಲ್ಲ. ಬುಟ್ಟಿಯ ಲಾಭವನ್ನು ಬುಟ್ಟಿಯಲ್ಲಿ ಮಾತ್ರ ಎಣಿಸಿದರೆ ಅದು ಅಷ್ಟೇ. ಆದರೆ ಆ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಹಾಲು, ಬ್ರೆಡ್ಡು, ಬಾಳೆಹಣ್ಣಿಗೆ ನಮ್ಮಲ್ಲಿಗೇ ಬಂದರು. ಹೊಸ ಸರಕು ಎಷ್ಟು ಉಳಿಸಿತು ಎನ್ನುವುದರ ಜೊತೆಗೆ, ಅದನ್ನು ಕೊಂಡವರು ಮತ್ತೆ ಎಷ್ಟು ಸಲ ಬಂದರು ಎಂಬುದಕ್ಕೂ ಪುಸ್ತಕದಲ್ಲಿ ಒಂದು ಕಾಲಂ ಇಡಿ.

ಬುಟ್ಟಿ ಬಂದ ಮೇಲೆ ಮಗ್ಗು, ಚಮಚದ ಸಾಲುಗಳು ಪುಸ್ತಕದಿಂದ ಮಾಯವಾಗಿವೆ. ಈ ತಿಂಗಳು ಹೆಚ್ಚಾಗಿ ಬರುತ್ತಿರುವ ಸಾಲು, “ಫೋನು ಅರ್ಧ ಗಂಟೆ ಚಾರ್ಜಿಗೆ ಹಾಕ್ತೀರಾ?” ಎಂಬುದು. ಇಲ್ಲಿಯವರೆಗೆ ಹತ್ತು ಮಂದಿ ಕೇಳಿದ್ದಾರೆ, ಬೇರೆ ಬೇರೆಯವರೇ. ಚಾರ್ಜರ್ ತಂದಿಡೋಣ ಎಂದು ನಾನೆಂದೆ. “ಅವರ ಹತ್ತಿರ ಚಾರ್ಜರ್ ಇದೆಯೋ ಇಲ್ಲವೋ, ಮೊದಲು ಅದನ್ನ ಕೇಳು” ಎಂದು ಅಮ್ಮ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು.